ಟಿಬಿ ಮಾತ್ರೆ ಶುರುವಾದ ಮೇಲೆ ಅಪ್ಪನ ಶುಗರ್ ಇಳಿದು ಮತ್ತೆ ಏರಿದೆ, ಯಾಕೆ?

ಹಸಿರುಬಳ್ಳಿ

ಅಪ್ಪನಿಗೆ 58 ವರ್ಷ. ಒಂಬತ್ತು ವರ್ಷದಿಂದ ಶುಗರ್ ಇದೆ. ಬೆಳಿಗ್ಗೆ ಗ್ಲಿಮೆಪಿರೈಡ್ 2 ಮಿಗ್ರಾಂ, ಎರಡು ಹೊತ್ತು ಮೆಟ್‌ಫಾರ್ಮಿನ್ 500 ತಗೊಳ್ತಿದ್ದರು. ಮೂರು ತಿಂಗಳಿಂದ ಸೊರಗುತ್ತಾ ಬಂದರು, ಸುಸ್ತು ಜಾಸ್ತಿ ಆಯ್ತು. ಶುಗರ್ ಏರಿರಬೇಕು ಅಂತ ನಾವೆಲ್ಲ ಅಂದುಕೊಂಡೆವು. ಕೆಮ್ಮು ಇತ್ತು, ಆದರೆ ರಾತ್ರಿಯೆಲ್ಲಾ ನಿದ್ದೆ ಕೆಡಿಸುವ ಕೆಮ್ಮಲ್ಲ. ಎಕ್ಸ್‌ರೇಯಲ್ಲಿ ಬಲ ಶ್ವಾಸಕೋಶದ ಕೆಳಭಾಗದಲ್ಲಿ ಬಿಳಿ ಕಂಡಿತು. ನ್ಯುಮೋನಿಯಾ ಅಂತ ಎರಡು ಸಲ ಆಂಟಿಬಯೋಟಿಕ್ ಕೊಟ್ಟರು. ಕೊನೆಗೆ ಕಫ ಪರೀಕ್ಷೆಯಲ್ಲಿ ಟಿಬಿ ಅಂತ ಗೊತ್ತಾಯ್ತು. ಟಿಬಿಯ ಮುಖ್ಯ ಔಷಧಿ ರಿಫಾಂಪಿಸಿನ್‌ಗೆ ಪ್ರತಿರೋಧ ಇಲ್ಲ ಅಂತಲೂ ಬಂತು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 10.4. ತೂಕ 48 ಕೆಜಿ.

ನಾಲ್ಕು ಔಷಧಿ ಸೇರಿದ ಟಿಬಿ ಮಾತ್ರೆ ಶುರುವಾಗಿ ಇವತ್ತಿಗೆ 22 ದಿನ. ಖಾಲಿ ಹೊಟ್ಟೆ ಶುಗರ್ ನಾನೇ ಬರೆದಿಡ್ತಿದ್ದೇನೆ:

ಮೊದಲ ದಿನ 212 (ಜ್ವರ ಇತ್ತು)
6ನೇ ದಿನ 178
10ನೇ ದಿನ 171 (ಜ್ವರ ಬಿಟ್ಟಿತ್ತು)
14ನೇ ದಿನ 224
18ನೇ ದಿನ 251
22ನೇ ದಿನ 263, ಊಟ ಆಗಿ ಎರಡು ಗಂಟೆಗೆ 371

16ನೇ ದಿನ ಡಾಕ್ಟರ್ ಗ್ಲಿಮೆಪಿರೈಡ್ 4 ಮಾಡಿದರು. ಏನೂ ಇಳಿಯಲಿಲ್ಲ. ಕೆಮ್ಮು ಕಡಿಮೆಯಾಗಿದೆ, ಹಸಿವು ಬಂದಿದೆ. ಅಂದರೆ ಟಿಬಿ ಕಡಿಮೆ ಆಗ್ತಿದೆ ಅಲ್ವಾ? ಹಾಗಿದ್ದರೆ ಶುಗರ್ ಯಾಕೆ ಏರ್ತಿದೆ? ಅಪ್ಪ ಈಗ ಟಿಬಿ ಮಾತ್ರೆಯನ್ನೇ ನಿಲ್ಲಿಸ್ತೀನಿ ಅಂತ ಕೂತಿದ್ದಾರೆ.

ಎರಡುಹೊತ್ತು

ರಿಫಾಂಪಿಸಿನ್ ಶುಗರ್ ಮಾತ್ರೆಯ ಬಲ ಕಡಿಮೆ ಮಾಡುತ್ತೆ. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಎರಡನ್ನೂ ಒಟ್ಟಿಗೆ ಕೊಡಬೇಡಿ. ಟಿಬಿ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಶುಗರ್ ಮಾತ್ರೆ ನಾಲ್ಕೈದು ಗಂಟೆ ಬಿಟ್ಟು ಕೊಡಿ. ಹೊಟ್ಟೆಯಲ್ಲಿ ಒಂದಕ್ಕೊಂದು ತಾಗದಿದ್ದರೆ ಸರಿಹೋಗುತ್ತೆ.

ಸಣ್ಣಮಳೆ

ಇದನ್ನು ಓದಿ ಭಯ ಆಯ್ತು. ನನ್ನ ತಂಗಿಗೂ ಶುಗರ್ ಇದೆ. ಕೆಮ್ಮು, ಜ್ವರ ಏನೂ ಇಲ್ಲ. ಅವಳೂ ಮುಂಜಾಗ್ರತೆಗೆ ಟಿಬಿ ಮಾತ್ರೆ ತಗೊಳ್ಳಬೇಕಾ? ಮತ್ತೆ, ಶುಗರ್ ಏರಿಸುವ ರಿಫಾಂಪಿಸಿನ್ ಬಿಟ್ಟು ಬೇರೆ ಮಾತ್ರೆ ಕೊಡಿ ಅಂತ ಕೇಳಬಹುದಲ್ವಾ?

ಎದೆವಾರ್ಡ್

ನಾನು ಎದೆರೋಗ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಹಸಿರುಬಳ್ಳಿ, ನೀವು ಬರೆದಿಟ್ಟ ಆರು ಸಾಲು ತುಂಬಾ ಬೆಲೆಬಾಳುವುದು. ಅದನ್ನೇ ಹಿಡಿದು ಹೇಳ್ತೀನಿ.

ಮೊದಲ ಹತ್ತು ದಿನ ಶುಗರ್ ಇಳಿಯಿತು. ಅದು ಸೋಂಕು ತಗ್ಗಿದ್ದರ ಗುರುತು. ಮೈಯಲ್ಲಿ ದೊಡ್ಡ ಸೋಂಕು ಇದ್ದಾಗ ಒತ್ತಡದ ಹಾರ್ಮೋನುಗಳು ಏರಿರುತ್ತವೆ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಜ್ವರ ಬಿಟ್ಟಂತೆ ಶುಗರ್ ತಾನಾಗಿ ಸ್ವಲ್ಪ ಇಳಿಯುತ್ತೆ. ಸೋಂಕಿನದ್ದೇ ಏರಿಕೆ ಆಗಿದ್ದರೆ ಇಳಿದದ್ದು ಇಳಿದೇ ಇರಬೇಕಿತ್ತು. ನಿಮ್ಮಲ್ಲಿ ಎರಡನೇ ವಾರದಲ್ಲಿ ತಿರುಗಿಕೊಂಡಿದೆ. ಈ ಹೊತ್ತನ್ನು ನೋಡಿದ ಕೂಡಲೇ ನಾವು ರಿಫಾಂಪಿಸಿನ್ ಕಡೆ ನೋಡ್ತೀವಿ.

ಎರಡುಹೊತ್ತು ಹೇಳಿದ್ದರಲ್ಲಿ ಅರ್ಧ ಸರಿ. ರಿಫಾಂಪಿಸಿನ್ ಶುಗರ್ ಮಾತ್ರೆಯನ್ನು ದುರ್ಬಲ ಮಾಡೋದು ನಿಜ. ಆದರೆ ಹೊಟ್ಟೆಯಲ್ಲಿ ತಾಗಿ ಅಲ್ಲ. ಅದು ಲಿವರ್‌ನ ಜೀವಕೋಶಗಳಿಗೆ ಔಷಧಿ ಒಡೆಯುವ ಕಿಣ್ವ ಜಾಸ್ತಿ ತಯಾರಿಸಿ ಅಂತ ಹೇಳುತ್ತೆ. ಕಿಣ್ವ ಕೂಡಿಕೊಳ್ಳೋಕೆ ಒಂದರಿಂದ ಎರಡು ವಾರ ಬೇಕು. ಒಮ್ಮೆ ಕೂಡಿತು ಅಂದರೆ ಹಗಲೂ ರಾತ್ರಿ ಅಲ್ಲೇ ಇರುತ್ತೆ. ನೀವು ಗ್ಲಿಮೆಪಿರೈಡನ್ನು ಬೆಳಿಗ್ಗೆ ಎಂಟಕ್ಕೆ ಕೊಟ್ಟರೂ ಒಂದೇ, ಸಂಜೆ ಎಂಟಕ್ಕೆ ಕೊಟ್ಟರೂ ಒಂದೇ. ಹೊತ್ತು ಬದಲಿಸಿ ಪ್ರಯೋಜನ ಇಲ್ಲ.

ಸಣ್ಣಮಳೆ, ನಿಮ್ಮ ತಂಗಿಯ ವಿಷಯ ಬೇರೆ. ಶುಗರ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ. ಹಾಗಂತ ಶುಗರ್ ಇದೆ ಅನ್ನೋ ಒಂದೇ ಕಾರಣಕ್ಕೆ ಎಲ್ಲರಿಗೂ ಟಿಬಿ ಮಾತ್ರೆ ಕೊಡಲ್ಲ. ಎರಡು ವಾರ ಕೆಮ್ಮು ನಿಲ್ಲದಿದ್ದರೆ, ಕಾರಣ ಇಲ್ಲದೆ ತೂಕ ಇಳಿದರೆ ಕಫ ಪರೀಕ್ಷೆ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಟಿಬಿ ಬಂದಿದ್ದರೆ ಅದನ್ನು ಡಾಕ್ಟರಿಗೆ ಹೇಳಿ, ಆಗ ಲೆಕ್ಕವೇ ಬೇರೆ. ಇನ್ನು ರಿಫಾಂಪಿಸಿನ್ ಬಿಡುವ ಮಾತು ಬೇಡ. ಅದು ಇರೋದರಿಂದಲೇ ಈ ಕೋರ್ಸ್ ಆರು ತಿಂಗಳಲ್ಲಿ ಮುಗಿಯೋದು. ಬದಲಾಯಿಸಬೇಕಾದ್ದು ಶುಗರ್ ಮಾತ್ರೆಯನ್ನು, ಟಿಬಿ ಮಾತ್ರೆಯನ್ನಲ್ಲ. ಅಪ್ಪನಿಗೆ ಇದೊಂದು ಮಾತು ಇವತ್ತೇ ಹೇಳಿ.

ಮದ್ದಿನಪೆಟ್ಟಿಗೆ

ನಾನು ಫಾರ್ಮಸಿಸ್ಟ್. ಮೇಡಂ ಹೇಳಿದ್ದಕ್ಕೆ ಒಪ್ಪಿಗೆ ಇದೆ. ಆದರೆ ಒಂದು ಲೆಕ್ಕ ಕೂಡ್ತಿಲ್ಲ.

ರಿಫಾಂಪಿಸಿನ್ ಎಲ್ಲಾ ಶುಗರ್ ಮಾತ್ರೆಗಳನ್ನೂ ಒಂದೇ ಥರ ಇಳಿಸಲ್ಲ. ಗ್ಲಿಕ್ಲಜೈಡ್‌ಗೆ ತುಂಬಾ ಹೊಡೆತ, ರಕ್ತದಲ್ಲಿ ಸುಮಾರು 70% ಕಡಿಮೆ ಆಗುತ್ತೆ. ಗ್ಲಿಮೆಪಿರೈಡ್ ಕಡಿಮೆಯಾಗೋದು ಸುಮಾರು ಮೂರನೇ ಒಂದು ಭಾಗ. ಅಂದರೆ 2 ಇದ್ದದ್ದನ್ನು 4 ಮಾಡಿದ ಮೇಲೆ, ಕಳೆದುಹೋದದ್ದು ತುಂಬಿ ಇನ್ನೂ ಮಿಕ್ಕಬೇಕಿತ್ತು. ಆದರೂ 251ರಿಂದ 263ಕ್ಕೆ ಹೋಗಿದೆ. ಊಟದ ನಂತರ 371. ಇಲ್ಲಿ ಇನ್ನೊಂದೇನೋ ಇದೆ. ಜೊತೆಗೆ ಸ್ಟೀರಾಯ್ಡ್ ಏನಾದರೂ ಕೊಟ್ಟಿದ್ದಾರಾ? 10ನೇ ದಿನದ ಆಸುಪಾಸಿನಲ್ಲಿ ಏನಾದರೂ ಹೊಸದು ಶುರುವಾಗಿದೆಯಾ?

ಹಸಿರುಬಳ್ಳಿ

ಸ್ಟೀರಾಯ್ಡ್ ಇಲ್ಲ. ಹೊಸದು ಅಂದರೆ… ಈಗ ಅಮ್ಮನನ್ನು ಕೇಳಿ ಬಂದೆ. ಹಸಿವು ಬಂದ ದಿನದಿಂದ ಎರಡು ಹೊತ್ತು ಶಕ್ತಿ ಪುಡಿ ಕಲಸಿ ಕೊಡ್ತಿದ್ದಾರೆ. ತೂಕ ಬರಲಿ ಅಂತ. ಡಬ್ಬಿ ತಿರುಗಿಸಿ ಓದಿದೆ. ಸಾಮಗ್ರಿಗಳಲ್ಲಿ ಎರಡನೆಯದೇ ಸಕ್ಕರೆ. ರಾತ್ರಿ ಮಲಗುವ ಮುಂಚಿನ ಲೋಟಕ್ಕೆ ಅಮ್ಮ ಮೇಲಿಂದ ಇನ್ನೊಂದು ಚಮಚ ಸಕ್ಕರೆ ಹಾಕ್ತಾರಂತೆ. ನನಗೆ ಗೊತ್ತೇ ಇರಲಿಲ್ಲ.

ಎದೆವಾರ್ಡ್

ಮದ್ದಿನಪೆಟ್ಟಿಗೆ, ನೀವು ಕೇಳಿದ್ದು ಒಳ್ಳೆಯದಾಯ್ತು. ನಾನು ರಿಫಾಂಪಿಸಿನ್ ಮೇಲೇ ಎಲ್ಲಾ ಹೊರಿಸಿಬಿಟ್ಟಿದ್ದೆ. ಇಲ್ಲಿ ಎರಡೂ ಕೂಡಿವೆ. ಮಾತ್ರೆಯ ಬಲ ಇಳಿದ ವಾರದಲ್ಲೇ ಸಕ್ಕರೆಯೂ ಜಾಸ್ತಿಯಾಗಿದೆ. ಮಲಗುವ ಮುಂಚೆ ಕುಡಿದದ್ದು ಬೆಳಗಿನ ಫಾಸ್ಟಿಂಗ್‌ನಲ್ಲೂ ಕಾಣುತ್ತೆ.

ಅಮ್ಮನನ್ನು ಬಯ್ಯಬೇಡಿ. 48 ಕೆಜಿಗೆ ಇಳಿದವರಿಗೆ ಊಟ ಜಾಸ್ತಿ ಬೇಕೇ ಬೇಕು. ಇಲ್ಲಿ ತುಂಬಾ ಜನ ಉಲ್ಟಾ ತಪ್ಪು ಮಾಡ್ತಾರೆ. ಶುಗರ್ ಏರಿತು ಅಂತ ಊಟ ಕಡಿಮೆ ಮಾಡಿ, ಟಿಬಿಯಿಂದ ಸೊರಗಿದವರನ್ನು ಇನ್ನೂ ಸೊರಗಿಸ್ತಾರೆ. ಊಟ ಇಳಿಸಬೇಡಿ, ಸಕ್ಕರೆ ತೆಗೆಯಿರಿ. ಸಕ್ಕರೆ ಇಲ್ಲದ ಪುಡಿ ಸಿಗುತ್ತೆ. ಪ್ರೋಟೀನ್ ಚೆನ್ನಾಗಿರಲಿ.

ಅಷ್ಟರಿಂದಲೇ ಸರಿಹೋಗುತ್ತೆ ಅಂತ ನನಗನಿಸಲ್ಲ. ಎಚ್‌ಬಿಎ1ಸಿ 10.4, ಊಟದ ನಂತರ 370, ತೂಕ ಇಷ್ಟು ಕಡಿಮೆ. ಇಂಥವರಿಗೆ ನಾನಾದರೆ ಇನ್ಸುಲಿನ್ ಕೊಡ್ತೀನಿ. ರಿಫಾಂಪಿಸಿನ್ ಹೆಚ್ಚಿಸುವ ಕಿಣ್ವಕ್ಕೂ ಇನ್ಸುಲಿನ್‌ಗೂ ಸಂಬಂಧ ಇಲ್ಲ, ಡೋಸನ್ನು ನಮ್ಮ ಕೈಯಲ್ಲಿ ಇಟ್ಟುಕೊಳ್ಳಬಹುದು. ಮೆಟ್‌ಫಾರ್ಮಿನ್ ಕೂಡ ಆ ಕಿಣ್ವದ ದಾರಿಯಲ್ಲಿ ಹೋಗಲ್ಲ. ಕಿಡ್ನಿ ಚೆನ್ನಾಗಿದ್ದರೆ, ವಾಂತಿ ಇಲ್ಲದಿದ್ದರೆ ಅದನ್ನು ಮುಂದುವರಿಸಬಹುದು, ಹೆಚ್ಚಿಸಲೂಬಹುದು. ನಿಮ್ಮ ಡಾಕ್ಟರಿಗೆ ಈ ಪಟ್ಟಿ ತೋರಿಸಿ, ಶಕ್ತಿ ಪುಡಿಯ ವಿಷಯ ಹೇಳಿ, ಇನ್ಸುಲಿನ್ ಬೇಕಾ ಅಂತ ನೇರವಾಗಿ ಕೇಳಿ. ಡೋಸ್ ಅವರೇ ಹೇಳಲಿ. ತೂಕ ಇಳಿಸುವ ಹೊಸ ಮಾತ್ರೆಗಳು, ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಗಳು ಇಷ್ಟು ಸೊರಗಿದವರಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ.

ಎರಡುಹೊತ್ತು

ಹೊತ್ತು ಬದಲಿಸಿದರೆ ಆಗಲ್ಲ ಅನ್ನೋದು ಈಗ ಗೊತ್ತಾಯ್ತು. ನಮ್ಮ ಮನೆಯಲ್ಲಿ ಹಾಗೆ ಮಾಡಿದಾಗ ಇಳಿದಿತ್ತು. ಬಹುಶಃ ಅದೇ ವಾರ ಊಟವೂ ಬದಲಾಗಿತ್ತು. ಆದರೆ ಒಮ್ಮೆ ಇನ್ಸುಲಿನ್ ಶುರು ಮಾಡಿದರೆ ಜೀವನಪೂರ್ತಿ ಬಿಡೋಕಾಗಲ್ಲ ಅಂತಾರಲ್ಲ?

ಎದೆವಾರ್ಡ್

ಅದು ಇನ್ಸುಲಿನ್ ತಂದಿಡುವ ಚಟ ಅಲ್ಲ. ಮೇದೋಜೀರಕ ಗ್ರಂಥಿಯಲ್ಲಿ ಎಷ್ಟು ಶಕ್ತಿ ಉಳಿದಿದೆ ಅನ್ನೋದರ ಮೇಲೆ ಇದೆ. ಟಿಬಿ ಮುಗಿದ ಮೇಲೆ ಮತ್ತೆ ಬರೀ ಮಾತ್ರೆಗೆ ಬಂದವರನ್ನು ನಾನು ನೋಡಿದ್ದೇನೆ. ಇನ್ಸುಲಿನ್ ಮೇಲೇ ಉಳಿದವರೂ ಇದ್ದಾರೆ. ಒಂಬತ್ತು ವರ್ಷದ ಶುಗರ್‌ನಲ್ಲಿ ಯಾವುದಾಗುತ್ತೆ ಅಂತ ಈಗಲೇ ಹೇಳಲ್ಲ.

ಹಸಿರುಬಳ್ಳಿ (ಮೂರು ವಾರದ ನಂತರ)

ಡಾಕ್ಟರ್ ಗ್ಲಿಮೆಪಿರೈಡ್ ನಿಲ್ಲಿಸಿದರು. ರಾತ್ರಿ ದೀರ್ಘಾವಧಿ ಇನ್ಸುಲಿನ್ 8 ಯೂನಿಟ್‌ನಿಂದ ಶುರು ಮಾಡಿ, ಮೂರು ದಿನಕ್ಕೊಮ್ಮೆ 2 ಯೂನಿಟ್ ಏರಿಸಿ ಅಂದರು. ಫಾಸ್ಟಿಂಗ್ 100ಕ್ಕಿಂತ ಕೆಳಗೆ ಬಂದರೆ ಏರಿಸಬೇಡಿ, ಫೋನ್ ಮಾಡಿ ಅಂದರು. ಮೆಟ್‌ಫಾರ್ಮಿನ್ ನಿಧಾನಕ್ಕೆ ಎರಡು ಹೊತ್ತೂ 1000 ಆಯ್ತು. ಈಗ 14 ಯೂನಿಟ್. ನಿನ್ನೆ ಫಾಸ್ಟಿಂಗ್ 138, ಊಟದ ನಂತರ 196. ತೂಕ 50.5.

ಮೊದಲ ರಾತ್ರಿ ಅಪ್ಪ ಹೊಟ್ಟೆ ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ಹೊಟ್ಟೆಯಲ್ಲಿ ಕೊಬ್ಬೇ ಇಲ್ಲ, ಚರ್ಮ ಹಿಡಿಯೋಕೆ ಕಷ್ಟ. ನರ್ಸ್ 4 ಮಿಮೀ ಸೂಜಿ ಕೊಟ್ಟು, ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿಯೋದು ತೋರಿಸಿದರು. ಒತ್ತಿದ ಮೇಲೆ ಹತ್ತು ಎಣಿಸಿ ಸೂಜಿ ತೆಗೀಬೇಕು. ಈಗ ಅಪ್ಪನೇ ಜೋರಾಗಿ ಎಣಿಸ್ತಾರೆ.

ಒಂದು ಹೊಸ ತೊಂದರೆ. ಪಾದದಲ್ಲಿ ಜುಮ್ ಅನ್ನುತ್ತೆ ಅಂತಾರೆ.

ಮದ್ದಿನಪೆಟ್ಟಿಗೆ

ಟಿಬಿ ಮಾತ್ರೆಯಲ್ಲಿರುವ ಐಸೋನಿಯಾಜಿಡ್ ಮೈಯಲ್ಲಿನ ಬಿ6 ವಿಟಮಿನ್ ಕಡಿಮೆ ಮಾಡುತ್ತೆ, ಅದರಿಂದ ನರಕ್ಕೆ ತೊಂದರೆ. ಶುಗರ್‌ನಿಂದಲೂ ಪಾದದ ನರ ಕೆಡುತ್ತೆ. ಅದಕ್ಕೇ ಶುಗರ್ ಇದ್ದವರಿಗೆ ಟಿಬಿ ಮಾತ್ರೆ ಜೊತೆ ಮೊದಲ ದಿನದಿಂದಲೇ ಪಿರಿಡಾಕ್ಸಿನ್, ಅಂದರೆ ಬಿ6 ಮಾತ್ರೆ, ಕೊಡ್ತಾರೆ. ಚೀಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ.

ಹಸಿರುಬಳ್ಳಿ

ಚೀಟಿಯಲ್ಲಿತ್ತು. ಬರೀ ವಿಟಮಿನ್ ಅಂತ ಅಪ್ಪ ಅದನ್ನು ಬಿಟ್ಟುಬಿಟ್ಟಿದ್ದರು! ಇವತ್ತಿಂದ ನಾನೇ ಕೈಗೆ ಕೊಡ್ತೀನಿ. ಡಾಕ್ಟರಿಗೂ ಜುಮ್ ಅನ್ನೋದನ್ನು ಹೇಳ್ತೀನಿ.

ನಡುರಾತ್ರಿ

ಈಗ ಎಲ್ಲಾ ಸರಿಹೋದಂತೆ ಕಾಣುತ್ತೆ. ನನ್ನ ಅನುಭವ ಬೇಗ ಹೇಳಿಬಿಡ್ತೀನಿ, ಯಾಕೆಂದರೆ ನನಗೆ ಯಾರೂ ಹೇಳಿರಲಿಲ್ಲ.

ನನಗೆ ಟಿಬಿ ಇದ್ದಾಗ ಗ್ಲಿಕ್ಲಜೈಡ್ 60ರಿಂದ 120ಕ್ಕೆ ಏರಿಸಿದ್ದರು. ಆರು ತಿಂಗಳು ಶುಗರ್ ಚೆನ್ನಾಗಿಯೇ ಇತ್ತು. ಟಿಬಿ ಮಾತ್ರೆ ಮುಗೀತು, ಎಲ್ಲರೂ ಖುಷಿಪಟ್ಟೆವು. ಶುಗರ್ ಮಾತ್ರೆ ಅದೇ 120 ಮುಂದುವರೀತು. ಹನ್ನೊಂದನೇ ರಾತ್ರಿ ಮೂರು ಗಂಟೆಗೆ ಎಚ್ಚರ ಆಯ್ತು. ಬನಿಯನ್ ಒದ್ದೆ. ಕೈ ನಡುಗ್ತಿತ್ತು. ಮತ್ತೆ ಟಿಬಿ ಬೆವರು ಬಂತು ಅಂದುಕೊಂಡೆ. ಹೆಂಡತಿ ಮೀಟರ್ ತಂದು ಚುಚ್ಚಿದಳು, 48. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿದಳು. ಹದಿನೈದು ನಿಮಿಷಕ್ಕೆ 81 ಆಯ್ತು. ಸರಿಹೋಯ್ತು ಅಂತ ಮಲಗಿದೆ. ಬೆಳಿಗ್ಗೆ ಐದೂವರೆಗೆ ಮತ್ತೆ 55.

ಎದೆವಾರ್ಡ್

ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಇದು ಮೊದಲನೆಯದರ ಇನ್ನೊಂದು ಮುಖ. ರಿಫಾಂಪಿಸಿನ್ ನಿಂತ ಮೇಲೆ ಎರಡು ವಾರದ ಆಸುಪಾಸಿನಲ್ಲಿ ಆ ಹೆಚ್ಚಿನ ಕಿಣ್ವ ಕರಗುತ್ತೆ. ಅಲ್ಲಿವರೆಗೆ ಸುಮಾರು 30% ಮಾತ್ರ ಉಳೀತಿದ್ದ ಗ್ಲಿಕ್ಲಜೈಡ್ ಈಗ ಪೂರ್ತಿ ಕೆಲಸ ಮಾಡುತ್ತೆ. ಹಾಗಾಗಿ ಏರಿಸಿದ ಡೋಸ್ ಅತಿಯಾಗುತ್ತೆ. ನಿಮಗೆ ಎರಡನೇ ಸಲ ಇಳಿದದ್ದೂ ಅದಕ್ಕೇ. ಗ್ಲಿಕ್ಲಜೈಡ್, ಗ್ಲಿಮೆಪಿರೈಡ್ ಗುಂಪಿನ ಮಾತ್ರೆಯಿಂದ ಶುಗರ್ ಇಳಿದರೆ ಒಮ್ಮೆ ಸಕ್ಕರೆ ಕೊಟ್ಟು ಮಲಗುವಂತಿಲ್ಲ. ಸಕ್ಕರೆ ಆದ ಮೇಲೆ ಊಟವನ್ನೂ ಮಾಡಬೇಕು, ಇಡೀ ದಿನ ಕಣ್ಣಿಡಬೇಕು, ಡಾಕ್ಟರಿಗೆ ಹೇಳಲೇಬೇಕು.

ಹಸಿರುಬಳ್ಳಿ, ನಿಮ್ಮಪ್ಪನಿಗೆ ಗ್ಲಿಮೆಪಿರೈಡ್ ಇಲ್ಲ, ಆದರೂ ಕೊನೆಯ ತಿಂಗಳಲ್ಲಿ ಎಚ್ಚರ ಇರಲಿ. ಸೋಂಕು ಹೋದಂತೆ ಇನ್ಸುಲಿನ್ ಬೇಕಾಗುವುದೂ ಕಡಿಮೆಯಾಗಬಹುದು.

ಹಸಿರುಬಳ್ಳಿ (ಎರಡು ತಿಂಗಳು ಮುಗಿದಾಗ)

ಕಫ ಪರೀಕ್ಷೆಯಲ್ಲಿ ಇನ್ನೂ ಒಂದು ಪ್ಲಸ್ ಇದೆ, ಅಂದರೆ ರೋಗಾಣು ಇನ್ನೂ ಕಾಣ್ತಿದೆ ಅಂತ ಬಂತು. ಫಾಸ್ಟಿಂಗ್ 130, 140ರಲ್ಲಿದೆ. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶದಲ್ಲಿ ಕುಳಿ ಇದೆ ಅಂದಿದ್ದರು. ಟಿಬಿ ಮಾತ್ರೆ ಕೆಲಸ ಮಾಡ್ತಿಲ್ಲವಾ?

ಎದೆವಾರ್ಡ್

ಅಷ್ಟಕ್ಕೇ ಹಾಗೆ ತೀರ್ಮಾನಿಸಬೇಡಿ. ಶುಗರ್ ಇದ್ದವರಲ್ಲಿ ಶುರುವಿನಲ್ಲೇ ರೋಗಾಣು ಜಾಸ್ತಿ ಇರುತ್ತೆ, ಕುಳಿಯೂ ಜಾಸ್ತಿ, ಕಫ ಸ್ವಚ್ಛ ಆಗೋದು ತಡ. ಸೂಕ್ಷ್ಮದರ್ಶಕದಲ್ಲಿ ಸತ್ತ ರೋಗಾಣುವೂ ಕಾಣುತ್ತೆ. ಸತ್ತದ್ದಾ ಬದುಕಿದೆಯಾ ಅಂತ ಹೇಳೋದು ಕಲ್ಚರ್, ಅಂದರೆ ಕಫದ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ. ಅದಕ್ಕೆ ಕಫ ಕಳಿಸಿದ್ದಾರಾ, ಜೊತೆಗೆ ಔಷಧಿ ಪ್ರತಿರೋಧದ ಪರೀಕ್ಷೆಗೂ ಕಳಿಸಿದ್ದಾರಾ ಕೇಳಿ. ಐಸೋನಿಯಾಜಿಡ್ ಪ್ರತಿರೋಧ ನೋಡಿದ್ದಾರಾ ಅಂತಲೂ ಕೇಳಿ, ಮೊದಲ ಪರೀಕ್ಷೆಯಲ್ಲಿ ಬರೀ ರಿಫಾಂಪಿಸಿನ್ ನೋಡಿರಬಹುದು.

ಈ ಹೊತ್ತಲ್ಲಿ ಸುಮ್ನೆ ಇರೋದು ಬೇಡ ಅಂತ ನಾನು ಒತ್ತಿ ಹೇಳಲು ಕಾರಣ ಇದೆ. ಟಿಬಿ ಜೊತೆ ಶುಗರ್ ಇದ್ದರೆ ಚಿಕಿತ್ಸೆಯ ಕಾಲದಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು. ವಾಸಿಯಾದ ಮೇಲೆ ಮರುಕಳಿಸುವುದೂ ಜಾಸ್ತಿ.

ಮದ್ದಿನಪೆಟ್ಟಿಗೆ

ಹಾಗಾದರೆ ಕೋರ್ಸನ್ನು ಒಂಬತ್ತು ತಿಂಗಳು ಮಾಡಬೇಕಲ್ವಾ? ಕುಳಿ ಇದೆ, ಎರಡನೇ ತಿಂಗಳ ಕಫ ಸ್ವಚ್ಛ ಇಲ್ಲ, ಮೇಲೆ ಶುಗರ್. ಶುಗರ್ ಇದ್ದವರ ರಕ್ತದಲ್ಲಿ ರಿಫಾಂಪಿಸಿನ್ ಮಟ್ಟವೂ ಕಡಿಮೆ ಅಂತ ಕೆಲವು ಅಧ್ಯಯನಗಳಲ್ಲಿ ಬಂದಿದೆ.

ಎದೆವಾರ್ಡ್

ಕೆಲವದರಲ್ಲಿ ಬಂದಿದೆ, ಕೆಲವದರಲ್ಲಿ ಬಂದಿಲ್ಲ. ಶುಗರ್ ಇದೆ ಅನ್ನೋ ಒಂದೇ ಕಾರಣಕ್ಕೆ ಉದ್ದ ಮಾಡಬೇಕು ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ಆದರೆ ಕುಳಿ ಇದ್ದು, ಎರಡನೇ ತಿಂಗಳ ಕಲ್ಚರ್ ಕೂಡ ಪಾಸಿಟಿವ್ ಬಂದರೆ ಉದ್ದ ಮಾಡುವ ಪದ್ಧತಿ ಇದೆ, ನಾನೂ ಮಾಡ್ತೀನಿ. ಕಲ್ಚರ್ ಬರುವವರೆಗೆ ಕಾಯೋಣ. ನನ್ನ ಸಹೋದ್ಯೋಗಿಗಳಲ್ಲಿ ಇದನ್ನು ಒಪ್ಪದವರು ಇದ್ದಾರೆ. ಎಲ್ಲಾ ಶುಗರ್ ರೋಗಿಗಳಿಗೂ ಒಂಬತ್ತು ತಿಂಗಳು ಕೊಡುವವರೂ ಇದ್ದಾರೆ.

ಎರಡುಹೊತ್ತು

ಶುಗರ್ ಎಷ್ಟಿದ್ದರೆ ಸಾಕು? ನಮ್ಮ ಡಾಕ್ಟರ್ 7ರ ಕೆಳಗೆ ಎಚ್‌ಬಿಎ1ಸಿ ಬೇಕು ಅಂತಿದ್ದರು.

ಎದೆವಾರ್ಡ್

ಟಿಬಿ ಚಿಕಿತ್ಸೆ ನಡೀವಾಗ ಅಷ್ಟು ಬಿಗಿ ಬೇಡ. ಎಚ್‌ಬಿಎ1ಸಿ 8ರ ಕೆಳಗೆ, ಫಾಸ್ಟಿಂಗ್ 180ರ ಕೆಳಗೆ ಇಟ್ಟುಕೊಳ್ಳಿ ಅನ್ನೋದು ಟಿಬಿ ಮತ್ತು ಶುಗರ್ ಎರಡೂ ಇರುವವರಿಗಾಗಿ ಬರೆದ 2018ರ ಮಾರ್ಗದರ್ಶಿಯ ಮಾತು. ಊಟ, ಹಸಿವು, ಔಷಧಿ ಎಲ್ಲವೂ ವಾರ ವಾರ ಬದಲಾಗುತ್ತೆ. ಬಿಗಿ ಮಾಡಲು ಹೋದರೆ ಶುಗರ್ ತೀರಾ ಇಳಿಯುವ ಅಪಾಯ. ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿಯನ್ನೇ ನಂಬಿ ಕೂರಬೇಡಿ, ಕಬ್ಬಿಣದ ಕೊರತೆಯಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಮೀಟರಿನ ಪಟ್ಟಿ ನೋಡಿ.

ಹಸಿರುಬಳ್ಳಿ (ಕೋರ್ಸ್ ಮುಗಿದು ಮೂರು ವಾರ)

ಕಲ್ಚರ್ ನೆಗೆಟಿವ್ ಬಂದಿತ್ತು. ಐಸೋನಿಯಾಜಿಡ್ ಪ್ರತಿರೋಧವೂ ಇಲ್ಲ. ಹಾಗಾಗಿ ಆರು ತಿಂಗಳಿಗೇ ನಿಲ್ಲಿಸಿದರು. ಕೊನೆಯ ಕಫ ಸ್ವಚ್ಛ. ಮದ್ದಿನಪೆಟ್ಟಿಗೆ ಅವರು ಒಂಬತ್ತೇ ಬೇಕಿತ್ತು ಅಂತ ಮೆಸೇಜ್ ಮಾಡಿದ್ದಾರೆ. ಅದಕ್ಕೇ ಮೂರು ತಿಂಗಳಿಗೊಮ್ಮೆ ಕಫ ತೋರಿಸುವ ದಿನಾಂಕ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿದ್ದೇನೆ.

ನಡುರಾತ್ರಿ ಅವರ ಮಾತು ಕೇಳಿ ಕೊನೆಯ ಮಾತ್ರೆ ಆದ ದಿನದಿಂದ ದಿನಾ ಫಾಸ್ಟಿಂಗ್ ನೋಡಿದೆ. ಐದನೇ ದಿನ 121. ಒಂಬತ್ತಕ್ಕೆ 104. ಹನ್ನೆರಡಕ್ಕೆ 84. ಆ ಬೆಳಿಗ್ಗೆಯೇ ಫೋನ್ ಮಾಡಿದೆ, ಇನ್ಸುಲಿನ್ 14ರಿಂದ 10ಕ್ಕೆ ಇಳಿಸಿದರು. ಈಗ 8. ನಿನ್ನೆ 112. ತೂಕ 55. ಪಾದದ ಜುಮ್ ಪೂರ್ತಿ ಹೋಗಿಲ್ಲ.

ನಡುರಾತ್ರಿ

84 ಕಂಡಾಗ ನೀವು ಫೋನ್ ಮಾಡಿದ್ದು ಓದಿ ಮನಸ್ಸಿಗೆ ಸಮಾಧಾನ ಆಯ್ತು. ಇನ್ನೊಂದು ವಾರ ರಾತ್ರಿ ಮೂರು ಗಂಟೆಗೂ ಒಮ್ಮೆ ನೋಡಿ. ನನಗೆ ಮೊದಲು ಇಳಿದದ್ದು ಬೆಳಿಗ್ಗೆ ಅಲ್ಲ, ಆ ಹೊತ್ತಿಗೆ.